ಉಂಗುರದ ಒಳಮೈಗೆ ಕನ್ನಡದ ಮಾತು: ಜಾಗ ಅಳೆದು ಪದ ಆರಿಸುವುದು ಹೇಗೆ?

ಮದುವೆಯ ಉಂಗುರದ ಒಳಮೈಯಲ್ಲಿ ಹೆಸರನ್ನೋ ಪುಟ್ಟ ಮಾತೊಂದನ್ನೋ ಕೆತ್ತಿಸಲು ಹೋದವರಿಗೆ ಅಂಗಡಿಯಲ್ಲಿ ಮೊದಲು ಕೇಳಿಸುವುದು ‘ಹದಿನೈದು ಅಕ್ಷರ ಮೀರಬಾರದು’ ಎಂಬ ಷರತ್ತು. ಇಂಗ್ಲಿಷಿನ ದೊಡ್ಡಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಲೆಕ್ಕ ಅದು; ಅವೆಲ್ಲ ಒಂದೇ ಎತ್ತರದಲ್ಲಿ ಸಾಲಾಗಿ ನಿಲ್ಲುತ್ತವೆ. ಕನ್ನಡದ ಅಕ್ಷರವಾದರೋ ಮೇಲಕ್ಕೆ ಗುಡಿಸಾಗಿ, ಬಲಕ್ಕೆ ದೀರ್ಘವಾಗಿ, ಕೆಳಕ್ಕೆ ಒತ್ತಾಗಿ ಮೂರು ದಿಕ್ಕಿಗೂ ಬೆಳೆಯುತ್ತದೆ. ಆದ್ದರಿಂದ ಕನ್ನಡದಲ್ಲಿ ಕೆತ್ತಿಸುವವರು ಮಾತನ್ನು ಆರಿಸುವ ಮೊದಲು ಉಂಗುರದಲ್ಲಿ ನಿಜವಾಗಿ ಎಷ್ಟು ಜಾಗವಿದೆ ಎಂಬುದನ್ನು ಅಳೆದುಕೊಳ್ಳುವುದು ಒಳ್ಳೆಯದು. ಹಲವರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಮಾತನ್ನು ಮೊದಲೇ ನಿಶ್ಚಯಿಸಿ, ಕೊನೆಗೆ ಅದು ಹಿಡಿಸದೆ, ಅಂಗಡಿಯವರು ಸೂಚಿಸಿದ ಎರಡು ಇಂಗ್ಲಿಷ್ ಆದ್ಯಕ್ಷರಗಳಿಗೆ ಒಪ್ಪಿಕೊಂಡು ಬರುತ್ತಾರೆ.

ಮೊದಲ ಹೆಜ್ಜೆ: ಉದ್ದ ಮತ್ತು ಎತ್ತರ

ನಮ್ಮ ದೇಶದ ಉಂಗುರದ ಅಳತೆಯ ಸಂಖ್ಯೆಗೆ 40 ಕೂಡಿಸಿದರೆ ಒಳಸುತ್ತಳತೆ ಸುಮಾರಾಗಿ ಮಿಲಿಮೀಟರಿನಲ್ಲಿ ಸಿಗುತ್ತದೆ. 12ನೆಯ ಅಳತೆಯ ಉಂಗುರದ ಒಳಸುತ್ತು ಸುಮಾರು 52 ಮಿ.ಮೀ., 22ನೆಯ ಅಳತೆಯದು ಸುಮಾರು 62 ಮಿ.ಮೀ. ಈ ಉದ್ದವೆಲ್ಲ ನಮ್ಮ ಕೈಗೆ ಬರುವುದಿಲ್ಲ. ಚಿನ್ನದ ಉಂಗುರದ ಒಳಗೆ ಹಾಲ್‌ಮಾರ್ಕ್ ಇರುತ್ತದೆ: ಬಿಐಎಸ್ ಚಿಹ್ನೆ, 22 ಕ್ಯಾರಟ್ಟಾದರೆ 916 ಎಂಬ ಶುದ್ಧತೆಯ ಗುರುತು, ಜೊತೆಗೆ 2023ರ ಏಪ್ರಿಲ್ 1ರಿಂದ ಮಾರಾಟಕ್ಕೆ ಕಡ್ಡಾಯವಾಗಿರುವ ಆರು ಸ್ಥಾನಗಳ ಎಚ್‌ಯುಐಡಿ ಸಂಕೇತ. ಇವುಗಳ ಮೇಲೆ ಅಕ್ಷರ ಬೀಳಬಾರದು. ಬೆಸುಗೆಯ ಜಾಗವನ್ನೂ ಖಾಲಿ ಬಿಡಬೇಕು. ಮುಂದೆ ಬೆರಳು ದಪ್ಪವಾಗಿಯೋ ತೆಳುವಾಗಿಯೋ ಉಂಗುರವನ್ನು ಹಿಗ್ಗಿಸಬೇಕಾದರೆ ಅಥವಾ ಕುಗ್ಗಿಸಬೇಕಾದರೆ ಅಕ್ಕಸಾಲಿಗರು ಸಾಮಾನ್ಯವಾಗಿ ಅಲ್ಲಿಯೇ ಕತ್ತರಿಸುತ್ತಾರೆ; ಹರಳಿನ ಉಂಗುರದಲ್ಲಿ ಆ ಜಾಗ ಹರಳಿಗೆ ನೇರ ಎದುರಿಗಿರುತ್ತದೆ. ಅಲ್ಲಿ ಹೆಸರಿದ್ದರೆ ಹೆಸರಿನ ನಡುವೆಯೇ ಗರಗಸ ಓಡುತ್ತದೆ.

ಇನ್ನೊಂದು ವಿಷಯ ಕೈಯಲ್ಲಿ ಉಂಗುರ ಹಿಡಿದು ನೋಡಿದಾಗಲೇ ತಿಳಿಯುವಂಥದು. ಉಂಗುರವನ್ನು ಓರೆ ಮಾಡಿದಾಗ ಎದುರಿನ ಒಳಗೋಡೆಯ ಒಂದು ಭಾಗವಷ್ಟೇ ಕಣ್ಣಿಗೆ ಬೀಳುತ್ತದೆ. ಉಳಿದದ್ದನ್ನು ಓದಲು ಉಂಗುರವನ್ನು ತಿರುಗಿಸಬೇಕು. ಆದ್ದರಿಂದ ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು ಜಾಗ ಬಳಸದಿರುವುದು ಲೇಸು. 12ನೆಯ ಅಳತೆಯ ಉಂಗುರದಲ್ಲಿ ಅದು ಸುಮಾರು 25 ಮಿ.ಮೀ. ಆಗುತ್ತದೆ.

ಉದ್ದಕ್ಕಿಂತ ಬಿಗಿಯಾದದ್ದು ಎತ್ತರ. 3 ಮಿ.ಮೀ. ಅಗಲದ ಉಂಗುರದಲ್ಲಿ ಎರಡೂ ಅಂಚಿಗೆ ಅರ್ಧರ್ಧ ಮಿ.ಮೀ. ಬಿಟ್ಟರೆ ಉಳಿಯುವುದು 2 ಮಿ.ಮೀ. ಒತ್ತಕ್ಷರವಿಲ್ಲದ ಪದವಾದರೆ ಮೂಲಾಕ್ಷರವನ್ನು ಸುಮಾರು ಒಂದೂವರೆ ಮಿ.ಮೀ. ಎತ್ತರಕ್ಕೆ ಕೆತ್ತಬಹುದು. ಒಂದೇ ಒಂದು ಒತ್ತಿದ್ದರೂ ಇಡೀ ಸಾಲನ್ನು ಕಿರಿದಾಗಿಸಬೇಕಾಗುತ್ತದೆ, ಮೂಲಾಕ್ಷರ ಒಂದು ಮಿ.ಮೀ.ಗೆ ಇಳಿಯುತ್ತದೆ, ಅಂದರೆ ಈಗ ನೀವು ಓದುತ್ತಿರುವ ಪತ್ರಿಕೆಯ ಅಕ್ಷರದ ಹೆಚ್ಚುಕಡಿಮೆ ಅರ್ಧಕ್ಕೆ. ಆ ಗಾತ್ರದಲ್ಲಿ ‘ದ’ ಮತ್ತು ‘ಧ’, ‘ರ’ ಮತ್ತು ‘ಠ’, ‘ಬ’ ಮತ್ತು ‘ಭ’ಗಳ ನಡುವಿನ ಸಣ್ಣ ಸೀಳೋ ಚುಕ್ಕೆಯೋ ಪಾಲಿಷಿನ ನಂತರ ಉಳಿಯುತ್ತದೆಂಬ ಭರವಸೆಯಿಲ್ಲ.

ಎರಡನೆಯ ಹೆಜ್ಜೆ: ಯಾರ ಲೆಕ್ಕ?

ಆನ್‌ಲೈನಿನಲ್ಲಿ ಉಂಗುರ ತರಿಸುವವರು ಇಲ್ಲಿ ಎಡವುತ್ತಾರೆ. ಕಂಪ್ಯೂಟರು ನಮ್ಮಂತೆ ಅಕ್ಷರ ಎಣಿಸುವುದಿಲ್ಲ. ಅದು ವ್ಯಂಜನ, ಸ್ವರಚಿಹ್ನೆ, ಒತ್ತು ಕೊಡಲು ಬಳಸುವ ಅರ್ಧಾಕ್ಷರದ ಚಿಹ್ನೆ ಇವನ್ನೆಲ್ಲ ಬೇರೆಬೇರೆಯಾಗಿ ಲೆಕ್ಕ ಹಿಡಿಯುತ್ತದೆ. ‘ಕಾವೇರಿ’ ನಮಗೆ ಮೂರಕ್ಷರ, ಅದಕ್ಕೆ ಆರು. ‘ಇಗ್ಗುತ್ತಪ್ಪ’ ನಮಗೆ ನಾಲ್ಕಕ್ಷರ, ಅದಕ್ಕೆ ಹನ್ನೊಂದು. ಹದಿನೈದರ ಮಿತಿಯಲ್ಲಿ ಕೊಡಗಿನ ಈ ನಾಡದೇವರ ಹೆಸರೊಂದೇ ಮುಕ್ಕಾಲು ಪಾಲು ತಿಂದುಬಿಟ್ಟ ಮೇಲೆ, ಒಂದು ತೆರಪು ಬಿಟ್ಟರೆ ಉಳಿಯುವುದು ಮೂರೇ ಸ್ಥಾನ. ಪದಗಳ ನಡುವಿನ ತೆರಪು ಕೂಡ ಒಂದಾಗಿ ಎಣಿಕೆಯಾಗುತ್ತದೆಂಬುದು ನೆನಪಿರಲಿ.

ಅಂಗಡಿಗೇ ಹೋಗುವುದಾದರೆ ಸಂಖ್ಯೆಯ ಮಿತಿಯನ್ನು ಕೇಳುವುದಕ್ಕಿಂತ ‘ಎಷ್ಟು ಮಿಲಿಮೀಟರು ಉದ್ದ, ಎಷ್ಟು ಎತ್ತರ ಕೊಡುತ್ತೀರಿ’ ಎಂದು ಕೇಳುವುದು ವಾಸಿ. ಮೇಲೆ ಹೇಳಿದ ಗಾತ್ರದಲ್ಲಿ ಒಂದು ಕನ್ನಡ ಅಕ್ಷರಕ್ಕೆ, ಪಕ್ಕದ ತೆರಪೂ ಸೇರಿ, ಸರಾಸರಿ 2 ಮಿ.ಮೀ. ಇಟ್ಟುಕೊಂಡರೆ 25 ಮಿ.ಮೀ.ಯಲ್ಲಿ ಸುಮಾರು ಹನ್ನೆರಡು ಅಕ್ಷರ ಕೂರುತ್ತವೆ. ‘ಮ’, ‘ಯ’ ಅಗಲವಾದವು. ‘ಯೋ’, ‘ಮೋ’ ಇನ್ನೂ ಅಗಲ. ಅರ್ಕಾವತ್ತು ಮತ್ತು ಅನುಸ್ವಾರ ಅಕ್ಷರದ ಪಕ್ಕದಲ್ಲಿ ಪ್ರತ್ಯೇಕ ಜಾಗ ಬೇಡುತ್ತವೆಯಾದರೂ ಎತ್ತರವನ್ನು ಹೆಚ್ಚಿಸುವುದಿಲ್ಲ. ಒತ್ತಿರುವ ಪದಕ್ಕೂ ಸೊನ್ನೆಯಿರುವ ಪದಕ್ಕೂ ನಡುವೆ ಆರಿಸಬೇಕಾಗಿ ಬಂದರೆ ಸೊನ್ನೆಯದನ್ನೇ ಆರಿಸಬೇಕು.

ಮೂರನೆಯ ಹೆಜ್ಜೆ: ಮಾತನ್ನು ಸೋಸುವುದು

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ವರ ಬೋಪಣ್ಣ, ವಧು ದೇಚಮ್ಮ ಎಂದಿಟ್ಟುಕೊಳ್ಳೋಣ. 2026ರ ಮೇ 3ರಂದು ಮದುವೆ. ಇಬ್ಬರೂ ಮೊದಲು ಭೇಟಿಯಾದದ್ದು ಭಾಗಮಂಡಲದಲ್ಲಿ. ಎರಡೂ ಉಂಗುರಗಳಲ್ಲಿ ‘ಬೋಪಣ್ಣ ದೇಚಮ್ಮ 3-5-2026’ ಎಂದಿರಲಿ ಎಂಬುದು ಅವರ ಮೊದಲ ಯೋಚನೆ. ಹೆಸರುಗಳು ಮೂರು ಮೂರು ಅಕ್ಷರ, ದಿನಾಂಕದ ಎಂಟು ಸ್ಥಾನ, ಎರಡು ತೆರಪು, ಒಟ್ಟು ಹದಿನಾರು. ಹನ್ನೆರಡಕ್ಕೆ ಹಿಡಿಸುವುದಿಲ್ಲ, ಜೊತೆಗೆ ಎರಡು ಹೆಸರಿನಲ್ಲೂ ಒತ್ತಿರುವುದರಿಂದ ಅಕ್ಷರ ಇನ್ನಷ್ಟು ಸಣ್ಣದಾಗಬೇಕು.

ಮೊದಲು ಕಳೆಯಬೇಕಾದದ್ದು ತೊಟ್ಟವರ ಹೆಸರನ್ನೇ. ಉಂಗುರ ಯಾರ ಬೆರಳಿನಲ್ಲಿದೆಯೋ ಅವರ ಹೆಸರನ್ನು ಅದರೊಳಗೆ ಬರೆಯುವುದರಿಂದ ಹೊಸದೇನೂ ತಿಳಿಯುವುದಿಲ್ಲ. ವಧುವಿನದರಲ್ಲಿ ವರನ ಹೆಸರು, ವರನದರಲ್ಲಿ ವಧುವಿನ ಹೆಸರು ಇದ್ದರೆ ಸಾಕು. ಇದೇ ಕಾರಣಕ್ಕೆ ಮನೆಹೆಸರನ್ನೂ ಬಿಡಬಹುದು. ಕೊಡವರ ಮನೆಹೆಸರುಗಳಲ್ಲಿ ಹಲವು ಉದ್ದವಾಗಿದ್ದು ಒಂದೇ ಉಂಗುರವನ್ನು ತುಂಬಿಬಿಡುತ್ತವೆ. ಆಮೇಲೆ ದಿನಾಂಕ. ‘3.5.26’ ಎಂದು ಬರೆದರೆ ಆರು ಸ್ಥಾನ, ಅದರಲ್ಲೂ ಚುಕ್ಕೆಗಳಿಗೆ ಪೂರ್ಣ ಜಾಗ ಬೇಡ. ಈಗ ‘ಬೋಪಣ್ಣ 3.5.26’ ಹತ್ತರೊಳಗೆ ಮುಗಿಯುತ್ತದೆ. ಆದರೂ ‘ಣ್ಣ’ ಸಾಲನ್ನು ಕಿರಿದಾಗಿಸುತ್ತದೆ. ಮನೆಯಲ್ಲಿ ಕರೆಯುವ ಹೆಸರು ‘ಬೋಪು’, ‘ದೇಚು’ ಎಂಬಂಥದಾಗಿದ್ದರೆ ಒತ್ತು ತಾನಾಗಿ ಕಳಚಿಕೊಳ್ಳುತ್ತದೆ, ಉಂಗುರಕ್ಕೆ ಸಲುಗೆಯೂ ಬರುತ್ತದೆ.

ಇಷ್ಟಕ್ಕೇ ನಿಲ್ಲಿಸಬಹುದು. ಆದರೆ ಹೆಸರು ಮತ್ತು ದಿನಾಂಕ ಯಾವ ಜೋಡಿಗಾದರೂ ಇರುವಂಥವು. ಇವರಿಬ್ಬರಿಗೇ ಸೇರಿದ ಮಾತು ಬೇಕೆಂದರೆ ಅದನ್ನು ವಾಕ್ಯದಲ್ಲಿ ಹುಡುಕದೆ ಹೆಸರುಪದದಲ್ಲಿ ಹುಡುಕಬೇಕೆಂದು ನನಗನ್ನಿಸುತ್ತದೆ. ‘ನಿನ್ನನ್ನು ಮೊದಲು ಕಂಡದ್ದು ಭಾಗಮಂಡಲದಲ್ಲಿ’ ಎಂಬುದರಲ್ಲಿ ಕ್ರಿಯಾಪದವನ್ನೂ ವಿಭಕ್ತಿಯನ್ನೂ ಕಳೆದರೆ ಉಳಿಯುವುದು ‘ಭಾಗಮಂಡಲ’. ಐದಕ್ಷರ, ಒತ್ತಿಲ್ಲ, ಒಂದು ಸೊನ್ನೆ. ಕಾವೇರಿ, ಕನ್ನಿಕೆ, ಸುಜ್ಯೋತಿಗಳು ಕೂಡುವ ಊರು ಅದಾದ್ದರಿಂದ ಇನ್ನೊಂದು ಉಂಗುರಕ್ಕೆ ‘ಸಂಗಮ’ ಎಂಬ ಮೂರೇ ಅಕ್ಷರ ಒದಗುತ್ತದೆ. ಒಂದರಲ್ಲಿ ‘ಭಾಗಮಂಡಲ 3.5.26’, ಇನ್ನೊಂದರಲ್ಲಿ ‘ಸಂಗಮ 3.5.26’: ಉದ್ದವಾದದ್ದೂ ಹನ್ನೆರಡರಲ್ಲಿ ಮುಗಿಯಿತು, ಒಂದೂವರೆ ಮಿ.ಮೀ. ಎತ್ತರವೂ ಉಳಿಯಿತು. ಬರಿಯ ಪ್ರೀತಿಯ ಮಾತೇ ಬೇಕೆನ್ನುವವರು ‘ಪ್ರೀತಿ’ಗೆ ಬದಲಾಗಿ ‘ಒಲವು’ ಎಂದರೆ ಒತ್ತು ತಪ್ಪುತ್ತದೆ.

ದಿನಾಂಕದ ವಿಷಯದಲ್ಲಿ ಒಂದು ಎಚ್ಚರ. ಉಂಗುರಕ್ಕೆ ಮೇಲು ಕೆಳಗು ಇಲ್ಲ. ಬರೀ 6, 8, 9, 0 ತುಂಬಿದ ದಿನಾಂಕವನ್ನು ತಲೆಕೆಳಗಾಗಿ ಹಿಡಿದರೂ ಅದು ಇನ್ನೊಂದು ದಿನಾಂಕವಾಗಿ ಓದಿಸಿಕೊಳ್ಳಬಹುದು. ಪಕ್ಕದಲ್ಲಿ ಒಂದು ಕನ್ನಡ ಪದವಿದ್ದರೆ ಈ ತೊಂದರೆಯಿಲ್ಲ.

ನಾಲ್ಕನೆಯ ಹೆಜ್ಜೆ: ಕಾಗದದ ಪಟ್ಟಿ ಮತ್ತು ಕಡತ

52 ಮಿ.ಮೀ. ಉದ್ದ, 3 ಮಿ.ಮೀ. ಅಗಲದ ಕಾಗದದ ಪಟ್ಟಿಯ ಮೇಲೆ ಆರಿಸಿದ ಮಾತನ್ನು ನಿಜವಾದ ಗಾತ್ರದಲ್ಲಿ ಮುದ್ರಿಸಿಕೊಳ್ಳಬೇಕು. ಮುದ್ರಿಸುವಾಗ ಪುಟಕ್ಕೆ ಹೊಂದಿಸುವ ಆಯ್ಕೆಯನ್ನು ತೆಗೆದು ನೂರಕ್ಕೆ ನೂರರ ಅಳತೆಯನ್ನೇ ಇಡಬೇಕು. ಗೆರೆಯ ದಪ್ಪ ಎಲ್ಲೆಡೆ ಒಂದೇ ಸಮನಾಗಿರುವ ತೆಳು ಅಕ್ಷರಶೈಲಿ ಒಳ್ಳೆಯದು; ದಪ್ಪ ಅಕ್ಷರದ ಒಳಗಿನ ಬಳೆಗಳು ಸಣ್ಣ ಗಾತ್ರದಲ್ಲಿ ಮುಚ್ಚಿಕೊಳ್ಳುತ್ತವೆ. ಪಟ್ಟಿಯನ್ನು ಬಳೆಯಂತೆ ಬಗ್ಗಿಸಿ, ಮಾತು ಏನೆಂದು ಗೊತ್ತಿಲ್ಲದವರ ಕೈಯಲ್ಲಿ ಓದಿಸಬೇಕು. ಅವರು ತಡವರಿಸಿದ ಅಕ್ಷರವೇ ಚಿನ್ನದಲ್ಲಿಯೂ ತೊಡಕಾಗುವಂಥದು.

ಊರಿನ ಅಂಗಡಿಯಲ್ಲಿ ಲೇಸರ್ ಯಂತ್ರವಿಲ್ಲದೆ ಕೆಲಸವನ್ನು ಮೈಸೂರಿಗೋ ಮಂಗಳೂರಿಗೋ ಕಳುಹಿಸುವುದಾದರೆ, ನಿಮ್ಮ ಮಾತು ನಡುವೆ ಯಾರದೋ ಕೈಯಲ್ಲಿ ಮತ್ತೆ ಟೈಪ್ ಆಗುವ ಸಂಭವವಿದೆ. ಕೆತ್ತನೆಯ ಎಷ್ಟೋ ತಂತ್ರಾಂಶಗಳಿಗೆ ಕನ್ನಡದ ಒತ್ತನ್ನು ಜೋಡಿಸಲು ಬಾರದು. ಅಂಥ ಕಡೆ ‘ಪ್ರೀತಿ’ ಎಂಬುದು ಪ-ಕಾರದ ಅರ್ಧಾಕ್ಷರ, ಅದರ ಪಕ್ಕದಲ್ಲಿ ಬಿಡಿ ‘ರೀ’, ಆಮೇಲೆ ‘ತಿ’ ಎಂದು ಒಡೆದುಕೊಳ್ಳುತ್ತದೆ. ಹಳೆಯ ನುಡಿ ಅಥವಾ ಬರಹ ಅಕ್ಷರಗಳಲ್ಲಿ ಬರೆದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಪರಿಹಾರ ಸುಲಭ: ಡಿಟಿಪಿ ಅಂಗಡಿಯಲ್ಲಿ ಪದವನ್ನು ರೇಖಾಚಿತ್ರವಾಗಿ, ಅವರ ಮಾತಿನಲ್ಲಿ ‘ಕರ್ವ್’ ಆಗಿ ಪರಿವರ್ತಿಸಿ ಪಿಡಿಎಫ್ ಮಾಡಿಸಿ ಕೊಡಬೇಕು. ಆಗ ಅದು ಅಕ್ಷರವಾಗಿ ಉಳಿಯದೆ ಚಿತ್ರವಾಗುವುದರಿಂದ ಒಡೆಯುವ ಮಾತೇ ಇಲ್ಲ. ಕೆತ್ತುವ ಮುನ್ನ ತೆರೆಯ ಮೇಲಿನ ನಮೂನೆಯ ಫೋಟೋ ತರಿಸಿಕೊಂಡು ಒಪ್ಪಿಗೆ ಕೊಡಬೇಕು. ಹೆಸರು ಕೆತ್ತಿದ ಆಭರಣವನ್ನು ಅಂಗಡಿಯವರು ಸಾಮಾನ್ಯವಾಗಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಲೇಸರ್ ಎಂದಾಕ್ಷಣ ಎಲ್ಲವೂ ಒಂದೇ ಅಲ್ಲ. ಮೇಲ್ಮೈಯನ್ನು ಕಪ್ಪಾಗಿಸುವ ತೆಳು ಗುರುತು ಒಂದೆರಡು ಪಾಲಿಷಿಗೆ ಮಾಸುತ್ತದೆ. ಉಗುರು ಆಡಿಸಿದರೆ ತಡೆಯುವಷ್ಟು ಆಳವಾಗಿರಲಿ ಎಂದು ಮೊದಲೇ ಹೇಳಬೇಕು, 22 ಕ್ಯಾರಟ್ ಚಿನ್ನ ಮೆದುವಾದ್ದರಿಂದ ಇದು ಇನ್ನೂ ಮುಖ್ಯ.

ಪದಕದ ಮಾತು

ಪದಕದಲ್ಲಿ ಎತ್ತರದ ಇಕ್ಕಟ್ಟು ಕಡಿಮೆ. ಎರಡು ಸಾಲು ಬರೆಯಬಹುದು, ಒತ್ತಕ್ಷರಕ್ಕೂ ಜಾಗವಿದೆ. ‘ಇಗ್ಗುತ್ತಪ್ಪ’ನಂಥ ಹೆಸರಿಗೆ ಇದೇ ತಕ್ಕ ಸ್ಥಳ. ದೇವರ ಹೆಸರು ಊಟದ ಕೈಯ ಉಂಗುರದಲ್ಲಿ ಬೇಡವೆನ್ನುವ ಹಿರಿಯರಿರುವ ಮನೆಯಲ್ಲಿ ಚರ್ಚೆಯೂ ತಪ್ಪುತ್ತದೆ. ದುಂಡನೆಯ ಪದಕದಲ್ಲಿ ಉದ್ದದ ಸಾಲು ನಟ್ಟನಡುವೆ ಬರಬೇಕು. ಪೊಳ್ಳು ಪದಕಕ್ಕೆ ಕೈಕೆತ್ತನೆ ಬೇಡ, ಉಳಿಯ ಒತ್ತಡಕ್ಕೆ ತಗ್ಗು ಬೀಳುತ್ತದೆ.

ಕೊಡವ ಮದುವೆಯ ಪದಕವಾದ ಪತ್ತಾಕ್‌ಗೆ ಮಾತ್ರ ಬೇರೆ ನಿಯಮ. ಅದರ ನಡುವಿನ ಚಿನ್ನದ ನಾಣ್ಯ ಹಳೆಯದಾಗಿದ್ದರೆ ಅದರ ಮೇಲೆ ಏನನ್ನೂ ಕೆತ್ತಿಸಬಾರದು. ಗೀರಿದ ನಾಣ್ಯ ಬರಿಯ ಚಿನ್ನದ ತೂಕದ ಬೆಲೆಗೆ ಇಳಿಯುತ್ತದೆ. ಹಿಂಬದಿಯ ತಗಡಿನಲ್ಲಿ ಜಾಗವಿದ್ದರೆ ಅಲ್ಲಿ ವರ್ಷವೊಂದನ್ನೇ ಹಾಕಿಸಬಹುದು. ತಾಯಿಯಿಂದ ಮಗಳಿಗೆ ದಾಟುವ ಒಡವೆಯಾದ್ದರಿಂದ ಹೆಸರಿಗಿಂತ ವರ್ಷವೇ ಮೇಲು, ಮುಂದಿನವರು ಅದರ ಕೆಳಗೆ ತಮ್ಮದನ್ನು ಸೇರಿಸಲು ಬರುತ್ತದೆ.

ಕೆಲಸ ಮುಗಿದು ಒಡವೆ ಕೈಗೆ ಬಂದಾಗ ಅಂಗಡಿಯ ಭೂತಗನ್ನಡಿಯಲ್ಲೇ ಪ್ರತಿ ಅಕ್ಷರವನ್ನು ಕಾಗದದ ಪಟ್ಟಿಯ ಪಕ್ಕ ಇಟ್ಟು ನೋಡಬೇಕು. ಹಾಗೆಯೇ ಎಚ್‌ಯುಐಡಿಯ ಆರೂ ಸ್ಥಾನಗಳು ಓದಲು ಬರುತ್ತಿವೆಯೇ ಎಂದು ಪರೀಕ್ಷಿಸಿ, ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ನಮೂದಿಸಿ, ಬಿಲ್ಲಿನಲ್ಲಿರುವ ವಿವರಕ್ಕೆ ತಾಳೆಯಾದ ಮೇಲೆಯೇ ಹಣ ಕೊಡಬೇಕು.