ಬಿಲ್ 1,200 ಡಾಲರ್, ಬಂದದ್ದು 1,175

ದುಬೈನ ಕ್ಲೈಂಟ್ ಒಬ್ಬರಿಗೆ 1,200 ಡಾಲರ್ ಬಿಲ್ ಕಳಿಸಿದ್ದೆ. ಖಾತೆಗೆ ತಲುಪಿದ್ದು 1,175. ಕೇಳಿದರೆ "ಪೂರ್ತಿ ಕಳಿಸಿದ್ದೇವಲ್ಲ" ಅಂದರು. ಅದೂ ನಿಜವೇ. ಬ್ಯಾಂಕುಗಳ ನಡುವೆ ಹಣದ ಜೊತೆ ಹೋಗುವ ಸಂದೇಶದ, ಅಂದರೆ ಸ್ವಿಫ್ಟ್ ಪ್ರತಿ ತರಿಸಿ ನೋಡಿದರೆ, ಶುಲ್ಕ ಯಾರದು ಎಂದು ಹೇಳುವ 71A ಸಾಲಿನಲ್ಲಿ SHA ಅಂತಿತ್ತು. ಅಂದರೆ ಕಳಿಸುವ ಬ್ಯಾಂಕಿನ ಶುಲ್ಕ ಮಾತ್ರ ಅವರದು. ನಡುವಿನ ಬ್ಯಾಂಕ್ ತನ್ನ ಪಾಲನ್ನು ನನ್ನ ದುಡ್ಡಿನಲ್ಲೇ ಮುರಿದುಕೊಂಡಿತ್ತು.

ಮುಂದಿನ ಬಿಲ್ ಜೊತೆ ಹೀಗೆ ಬರೆದೆ: "ಸರ್, ಈ ಸಲ ಶುಲ್ಕದ ಆಯ್ಕೆಯಲ್ಲಿ OUR ಹಾಕಿಸಿ. ನಡುವಿನ ಬ್ಯಾಂಕಿನ ಶುಲ್ಕವೂ ನಿಮ್ಮದೇ ಎಂದು ಹಣ ಕಳಿಸುವ ಮೊದಲು ಒಂದು ಸಾಲು ಬರೆದು ಖಚಿತಪಡಿಸಿ." ಬರೀ "ಚಾರ್ಜ್ ನಿಮ್ಮದು" ಅಂದಿದ್ದರೆ ಮತ್ತೆ SHAನೇ ಹಾಕುತ್ತಿದ್ದರೇನೋ. ಅದೇ ಸಂಜೆ ಒಪ್ಪಿಗೆ ಬಂತು, ವಾರದೊಳಗೆ ಪೂರ್ತಿ 1,200. ರೂಪಾಯಿಗೆ ಬದಲಿಸುವಾಗ ಇಲ್ಲಿನ ಬ್ಯಾಂಕ್ ಹಿಡಿಯುವ ಜಿಎಸ್‌ಟಿ ಮಾತ್ರ ಈಗಲೂ ನನ್ನ ತಲೆಗೇ.