ಒಂದು ಮೆಸೇಜು ಉಳಿಸಿದ 1,499 ರೂಪಾಯಿ

ಮಗಳ ಓದಿಗೆಂದು ಒಂದು ಆ್ಯಪ್‌ಗೆ ಕಾರ್ಡ್ ಕೊಟ್ಟಿದ್ದೆ. ಆಮೇಲೆ ಬೇಡವಾಯ್ತು, ಆ್ಯಪ್ ತೆಗೆದುಹಾಕಿದೆ. ಅಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೇ ತಪ್ಪು. ಆ್ಯಪ್ ಹೋದರೂ ಆಟೋ ಡೆಬಿಟ್‌ಗೆ ಕೊಟ್ಟ ಒಪ್ಪಿಗೆ ಬ್ಯಾಂಕಿನಲ್ಲಿ ಹಾಗೇ ಇರುತ್ತದೆ.

ಮೊನ್ನೆ ವಿಜಯಪುರದ ಗಾಂಧಿ ಚೌಕದಲ್ಲಿ ಚಹಾ ಕುಡಿಯುವಾಗ ಬ್ಯಾಂಕಿನ ಮೆಸೇಜು ಬಂತು: ನಾಡಿದ್ದು 1,499 ರೂಪಾಯಿ ಕಡಿತ. ಯಾರಿಗೆ, ಎಷ್ಟು, ಯಾವಾಗ, ಎಲ್ಲ ಇತ್ತು. ಕನಿಷ್ಠ 24 ಗಂಟೆ ಮೊದಲು ಹೀಗೆ ತಿಳಿಸಬೇಕು, ಬೇಡ ಅನ್ನಲು ದಾರಿಯನ್ನೂ ಕೊಡಬೇಕು ಅನ್ನೋದು ರಿಸರ್ವ್ ಬ್ಯಾಂಕ್ ನಿಯಮ. ನಾನು ಇಂಥ ಮೆಸೇಜುಗಳನ್ನು ಸುಮ್ನೆ ಅಳಿಸಿಬಿಡುತ್ತಿದ್ದೆ!

ಲಿಂಕ್ ಒತ್ತಲಿಲ್ಲ, ಮೋಸದ್ದೂ ಇರಬಹುದು ಅಲ್ವಾ? ನೇರವಾಗಿ ಬ್ಯಾಂಕಿನ ಆ್ಯಪ್ ತೆರೆದೆ. ಕಾರ್ಡಿನ ಮ್ಯಾಂಡೇಟ್, ಅಂದರೆ ಆಟೋ ಡೆಬಿಟ್ ಒಪ್ಪಿಗೆಗಳ ಪಟ್ಟಿಯಲ್ಲಿ ಅದೇ ಹೆಸರಿತ್ತು. ಈ ಸಲದ್ದಷ್ಟೇ ಅಲ್ಲ, ಇಡೀ ಮ್ಯಾಂಡೇಟನ್ನೇ ರದ್ದು ಮಾಡಿ ಒಟಿಪಿ ಹಾಕಿದೆ. ಆ ದಿನ ದುಡ್ಡು ಹೋಗಲಿಲ್ಲ.