ಗಿಡ್ಡ ಹಸುವಿಗೆ ಜರ್ಸಿ ವೀರ್ಯ: ಒಮ್ಮೆ ಕೊಡಿಸಿ, ಎರಡನೆಯ ಸಲ ಯೋಚಿಸಿ

ತೀರ್ಥಹಳ್ಳಿ ಕಡೆಯ ನಮ್ಮ ಕೊಟ್ಟಿಗೆಯಲ್ಲಿ ಮೂರು ತಲೆಮಾರಿನ ಹಸುಗಳಿವೆ. ಕೆಂಪಿ ಅಪ್ಪಟ ಮಲೆನಾಡು ಗಿಡ್ಡ, ನಮ್ಮ ಕಡೆಯ ಸಣ್ಣ ಮೈಯ ದೇಸಿ ತಳಿ. ಅವಳ ಮಗಳು ಗೌರಿ ಅರ್ಧ ಜರ್ಸಿ. ಗೌರಿಯ ಮಗಳು ಬೆಳ್ಳಿ ಮುಕ್ಕಾಲು ಜರ್ಸಿ. ಮೊದಲ ಸಲ ಮಾಡಿದ್ದು ಸರಿಯಾಗಿತ್ತು, ಎರಡನೆಯ ಸಲ ಎಡವಿದೆ.

ಮೊದಲ ಹೆಜ್ಜೆ ತಾಯಿಯ ಆಯ್ಕೆ. ಕಡಸಿಗೆ ಚೊಚ್ಚಲಲ್ಲೇ ವಿದೇಶಿ ವೀರ್ಯ ಕೊಡಿಸಬೇಡಿ. ಒಂದೆರಡು ಸೂಲು ಸಲೀಸಾಗಿ ಕರು ಹಾಕಿದ, ಮೈಕೈ ತುಂಬಿದ ಹಸುವಾಗಿರಲಿ. ಎಚ್‌ಎಫ್, ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್ ತಳಿ, ಬೇಡವೇ ಬೇಡ. ಅಪ್ಪಟ ಎಚ್‌ಎಫ್ ಕರು ಹುಟ್ಟುವಾಗಲೇ ನಲವತ್ತು ಕಿಲೋ ಆಸುಪಾಸು ತೂಗುತ್ತದೆ, ಜರ್ಸಿ ಕರು ಇಪ್ಪತ್ತೈದು. ಗಿಡ್ಡದ ಕಿರಿದಾದ ಸೊಂಟದಲ್ಲಿ ದೊಡ್ಡ ಕರು ಸಿಕ್ಕಿಕೊಂಡರೆ ತಾಯಿ, ಕರು ಎರಡೂ ಕೈತಪ್ಪಬಹುದು.

ಎರಡನೆಯದು ಸಮಯ. ಬೆದೆಗೆ ಬಂದ ಹಸು ಕೂಗುತ್ತದೆ, ಬೇರೆ ದನ ಮೇಲೆ ಹತ್ತಿದರೆ ಕದಲದೆ ನಿಲ್ಲುತ್ತದೆ, ಮೊಟ್ಟೆಯ ಬಿಳಿಯಂತೆ ತಿಳಿಯಾದ ಲೋಳೆ ಸುರಿಸುತ್ತದೆ. ಗಿಡ್ಡದಲ್ಲಿ ಈ ಲಕ್ಷಣಗಳು ಮಂದ. ಕೆಂಪಿ ಕೂಗಿದ್ದನ್ನು ನಾನು ಕೇಳಿದ್ದೇ ಇಲ್ಲ, ಬಾಲದ ಬುಡದಲ್ಲಿ ಒಣಗಿ ಅಂಟಿದ ಲೋಳೆಯೇ ಸುಳಿವು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ವೀರ್ಯ ಕೊಡಿಸಬೇಕು. ದ್ರವ ಸಾರಜನಕದಿಂದ ತೆಗೆದ ವೀರ್ಯದ ಕಡ್ಡಿಯನ್ನು 37 ಡಿಗ್ರಿ ಬಿಸಿಯ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಒರೆಸಿ, ತಡಮಾಡದೆ ಬಳಸಬೇಕು. ಕಡ್ಡಿಯ ಮೇಲೆ ತಳಿ ಮತ್ತು ಹೋರಿಯ ಸಂಖ್ಯೆ ಅಚ್ಚಾಗಿರುತ್ತದೆ. ಖಾಲಿ ಕಡ್ಡಿಯನ್ನು ಕೇಳಿ ಪಡೆದು ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಮೂರು ವರ್ಷದ ನಂತರ ಮಗಳಿಗೆ ಅಪ್ಪನದೇ ವೀರ್ಯ ಬೀಳಬಹುದು.

ಹೀಗೆ ಹುಟ್ಟಿದ ಗೌರಿ ದಿನಕ್ಕೆ ಏಳು ಲೀಟರ್ ಕೊಟ್ಟಳು. ತಾಯಿಯದು ಎರಡು ಲೀಟರ್. ಹೆಚ್ಚಿನ ಹಾಲು ಪುಕ್ಕಟೆಯಲ್ಲ: ಕೆಂಪಿ ಬ್ಯಾಣದ ಹುಲ್ಲಿನಲ್ಲೇ ಬದುಕುತ್ತಾಳೆ, ಗೌರಿಗೆ ಮೈಪೋಷಣೆಗೆ ಒಂದೂವರೆ ಕಿಲೋ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋದಂತೆ ಹಿಂಡಿ ಬೇಕು. ಹುಟ್ಟಿದ್ದು ಗಂಡಾಗಿದ್ದರೆ ಇನ್ನೊಂದು ಪೇಚು. ಡುಬ್ಬ ಚಿಕ್ಕದಾದ್ದರಿಂದ ಹೆಗಲ ಮೇಲೆ ನೊಗ ನಿಲ್ಲುವುದಿಲ್ಲ, ಬಿಸಿಲೇರಿದರೆ ಹೂಡುವ ಹೋರಿ ಏದುಸಿರು ಬಿಡುತ್ತದೆ.

ಏಳು ಲೀಟರ್ ಹತ್ತಾಗಲಿ ಎಂದು ಗೌರಿಗೂ ಅಪ್ಪಟ ಜರ್ಸಿಯನ್ನೇ ಕೊಡಿಸಿದೆ. ಹಾಗೆ ಬಂದವಳು ಬೆಳ್ಳಿ. ಮಳೆಗಾಲದ ಕೊನೆಯಲ್ಲಿ ಕರು ಹಾಕಿ, ಚಳಿ ಮುಗಿಯುವವರೆಗೂ ಚೆನ್ನಾಗಿಯೇ ಹಿಂಡಿದಳು. ಏಪ್ರಿಲ್ ಬಂತು. ಮಧ್ಯಾಹ್ನ ಎರಡೂವರೆಗೆ ಮೂವರ ಪಕ್ಕೆಯ ಏರಿಳಿತವನ್ನು ಗಡಿಯಾರ ಹಿಡಿದು ಎಣಿಸಿದೆ. ಒಂದು ನಿಮಿಷಕ್ಕೆ ಕೆಂಪಿ ಇಪ್ಪತ್ತೆಂಟು, ಗೌರಿ ನಲವತ್ತನಾಲ್ಕು, ಬೆಳ್ಳಿ ಎಂಬತ್ತೆರಡು. ಕೆಂಪಿ ಮಲಗಿ ಮೆಲುಕು ಹಾಕುತ್ತಿದ್ದಳು; ಬೆಳ್ಳಿ ಕತ್ತು ಚಾಚಿ, ಬಾಯಿ ತೆರೆದು, ಜೊಲ್ಲು ಸುರಿಸುತ್ತ ನಿಂತಿದ್ದಳು. ಉಸಿರು ಅರವತ್ತು ದಾಟಿದರೆ ಸೆಕೆ ಮೈಗೆ ಹತ್ತಿದೆ ಎಂದೇ ತಿಳಿಯಿರಿ. ಆ ತಿಂಗಳು ಬೆಳ್ಳಿಯ ಹಾಲು ಇಳಿಯಿತು, ಎರಡು ಸಲ ಕೊಡಿಸಿದ ವೀರ್ಯವೂ ನಿಲ್ಲಲಿಲ್ಲ.

ಕಾರಣ ಮೈಯ ರಚನೆಯಲ್ಲೇ ಇದೆ. ದೇಸಿ ಹಸುವಿನ ಕೂದಲು ಗಿಡ್ಡ, ನುಣುಪು. ಬೆವರ ಗ್ರಂಥಿಗಳು ದೊಡ್ಡವು. ಮೈ ಸಣ್ಣದಾದ್ದರಿಂದ ತೂಕಕ್ಕೆ ಹೋಲಿಸಿದರೆ ಶಾಖ ಹೊರಹೋಗುವ ಚರ್ಮ ಹೆಚ್ಚು. ಹಾಲು ಕಡಿಮೆಯಾದ್ದರಿಂದ ಒಳಗೆ ಹುಟ್ಟುವ ಶಾಖವೂ ಕಡಿಮೆ. ಮಲೆನಾಡು ತಂಪು, ಜರ್ಸಿಗೆ ಹೇಳಿಮಾಡಿಸಿದ್ದು ಎನ್ನುವವರು ಗಾಳಿಯ ತೇವವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಳೆಗೆ ಮುಂಚಿನ ಮೇ ತಿಂಗಳಲ್ಲಿ ಬೆವರು ಆರದೆ ಮೈಯಲ್ಲೇ ಉಳಿಯುತ್ತದೆ.

ರಕ್ತ ಹೀರುವ ಉಣ್ಣೆಯ ಕಾಟ ಬೇರೆ. ಉಣ್ಣೆಯಿಂದ ಹರಡುವ ಥೈಲೇರಿಯಾ ಜ್ವರ ಗಿಡ್ಡವನ್ನು ಅಷ್ಟಾಗಿ ಕಾಡುವುದಿಲ್ಲ, ಮಿಶ್ರತಳಿಯನ್ನು ಕೆಡವುತ್ತದೆ. ಜೋರು ಜ್ವರದ ಜೊತೆ ಹೆಗಲ ಮುಂದಿನ ಗಂಟು ಊದಿ ಕಣ್ಣಿನ ಒಳರೆಪ್ಪೆ ಬಿಳಿಚಿದ್ದರೆ ಅಂದೇ ಪಶುವೈದ್ಯರನ್ನು ಕರೆಸಿ.

ಹಾಗಾದರೆ ಗೌರಿಯಂಥ ಹಸುವಿಗೆ ಯಾವ ವೀರ್ಯ? ಅರ್ಧ ಜರ್ಸಿ ರಕ್ತದ ಮಿಶ್ರತಳಿ ಹೋರಿಯದನ್ನು ಕೇಳಿ. ರಕ್ತ ಅರ್ಧದಲ್ಲೇ ನಿಲ್ಲುತ್ತದೆ. ಆದರೆ ಮೊದಲ ತಲೆಮಾರಿನಷ್ಟು ಹುರುಪು ಬರುವುದಿಲ್ಲ. ಮಕ್ಕಳಲ್ಲಿ ಒಂದು ಅಜ್ಜಿಯಂತೆ, ಒಂದು ಅಜ್ಜನಂತೆ ಆಗಬಹುದು, ಹಾಲು ಸಾಮಾನ್ಯವಾಗಿ ತಾಯಿಗಿಂತ ಕೊಂಚ ಕಡಿಮೆ. ಹೀಗಾಗಿ ಕೆಂಪಿಯಂಥ ಅಪ್ಪಟ ಹಸುವೊಂದು ಮನೆಯಲ್ಲಿರಬೇಕು. ಅರ್ಧ ಜರ್ಸಿ ಕರು ಹೊಸದಾಗಿ ಹುಟ್ಟುವುದು ಅವಳಿಂದಲೇ. ಅವಳಿಗೆ ಒಂದು ಸೂಲು ಬಿಟ್ಟು ಒಂದು ಸೂಲು ಗಿಡ್ಡ ಹೋರಿಯನ್ನೇ ಬಿಡುತ್ತಿದ್ದೇನೆ.

ಬೆಳ್ಳಿಗೆ ಕಳೆದ ನವೆಂಬರಿನ ತಂಪಿನಲ್ಲಿ ಮಿಶ್ರತಳಿ ಹೋರಿಯ ವೀರ್ಯ ಕೊಡಿಸಿದೆ. ಮುಕ್ಕಾಲು ಮತ್ತು ಅರ್ಧ ಸೇರಿ ಕರುವಿನಲ್ಲಿ ಶೇಕಡಾ 62.5 ಜರ್ಸಿ ರಕ್ತ. ಈ ಸಲ ಗಬ್ಬ ನಿಂತಿದೆ. ಅವಳ ಜಾಗವನ್ನು ಗಾಳಿಯಾಡುವ ಬಾಗಿಲ ಪಕ್ಕಕ್ಕೆ ಬದಲಿಸಿದ್ದೇನೆ.